ಭ್ರೂಣದ ಕೋಶಗಳು ಬೇರ್ಪಡುವುದು ಕ್ಯಾಡ್ಹೆರಿನ್ ಬಗೆಯಿಂದಲೋ, ಪ್ರಮಾಣದಿಂದಲೋ?

ಪ್ರಶ್ನೆ: ಇ-ಕ್ಯಾಡ್ಹೆರಿನ್ ಇರುವ ಕೋಶ ಇ ಇರುವುದಕ್ಕೇ ಅಂಟುತ್ತದೆ, ಎನ್-ಕ್ಯಾಡ್ಹೆರಿನ್ ಇರುವುದು ಎನ್ ಇರುವುದಕ್ಕೇ, ಹೀಗೆ ಅಂಗಾಂಶಗಳು ಬೇರೆಯಾಗುತ್ತವೆ ಅಂತ ಪುಸ್ತಕದಲ್ಲಿ ಓದಿದೆ. ಆದರೆ ನಮ್ಮ ಮೇಡಂ, ಒಂದೇ ಕ್ಯಾಡ್ಹೆರಿನ್ ಇದ್ದು ಪ್ರಮಾಣ ಬೇರೆಯಾದರೂ ಸಾಕು, ಕೋಶಗಳು ವಿಂಗಡವಾಗುತ್ತವೆ ಅಂತಾರೆ. ಯಾವುದು ಸರಿ? ಎಂಎಸ್‌ಸಿ ಪ್ರಾಜೆಕ್ಟಿಗೆ ಎಲ್ ಕೋಶಗಳಲ್ಲಿ ಇದನ್ನೇ ಮಾಡಿ ನೋಡಬೇಕು ಅಂತಿದ್ದೇನೆ. ಎಲ್ಲಿ ಎಡವಟ್ಟಾಗಬಹುದು?

ಉತ್ತರ: ನಿಮ್ಮ ಮೇಡಂ ಹೇಳಿದ್ದು ಸರಿ. ಪುಸ್ತಕದ ಮಾತು ಪೂರ್ತಿ ಸುಳ್ಳೇನಲ್ಲ, ಆದರೆ ಅದು ಹೆಚ್ಚಾಗಿ ನಿಂತಿರುವುದು ಕೋಶಗಳನ್ನು ದ್ರವದಲ್ಲಿ ತೇಲಿಬಿಟ್ಟು ಜೋರಾಗಿ ಕಲಕುತ್ತಾ ಮಾಡಿದ ಪ್ರಯೋಗಗಳ ಮೇಲೆ. ಕಲಕುವುದನ್ನು ನಿಲ್ಲಿಸಿದರೆ ಬೇರೆ ಬೇರೆ ಕ್ಯಾಡ್ಹೆರಿನ್‌ನ ಕೋಶಗಳೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಅವು ಒಂದೇ ಉಂಡೆಯೊಳಗೆ ಬೇರ್ಪಡುತ್ತವೋ ಇಲ್ಲವೋ ಎನ್ನುವುದನ್ನು ತೀರ್ಮಾನಿಸುವುದು ಬಂಧಗಳ ಬಲಾಬಲ. ಅದರ ಲೆಕ್ಕ ಮೊದಲು ಅರ್ಥವಾದರೆ, ನಿಮ್ಮ ಪ್ರಯೋಗದಲ್ಲಿ ಯಾವುದನ್ನು ಅಳೆಯಬೇಕು, ಯಾವುದನ್ನು ನಂಬಬಾರದು ಎನ್ನುವುದು ತಾನಾಗಿ ತಿಳಿಯುತ್ತದೆ.

ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಈ ಕ್ಯಾಡ್ಹೆರಿನ್ ಪ್ರೋಟೀನ್ ಬಗ್ಗೆ ಇಲ್ಲಿಗೆ ಬೇಕಾದಷ್ಟು ಮಾತ್ರ ಹೇಳುತ್ತೇನೆ. ಇ, ಎನ್, ಪಿ ಮೊದಲಾದ ಕ್ಲಾಸಿಕಲ್ ಕ್ಯಾಡ್ಹೆರಿನ್‌ಗಳಿಗೆ ಕೋಶದ ಹೊರಗೆ ಚಾಚಿದ ಐದು ತುಂಡುಗಳಿವೆ. ಒಂದೊಂದು ತುಂಡಿನಲ್ಲಿ ಸುಮಾರು 110 ಅಮೈನೋ ಆಮ್ಲಗಳು. ತುಂಡು ತುಂಡುಗಳ ನಡುವಿನ ನಾಲ್ಕು ಸಂದುಗಳಲ್ಲಿ ತಲಾ ಮೂರು ಕ್ಯಾಲ್ಸಿಯಂ ಅಯಾನುಗಳು ಕೂತರೆ ಇಡೀ ಸರಪಣಿ ಸೆಟೆದು ನಿಲ್ಲುತ್ತದೆ. ತುದಿಯ ತುಂಡಿನಲ್ಲಿ ಎರಡನೇ ಸ್ಥಾನದ ಟ್ರಿಪ್ಟೋಫಾನ್, ಎದುರಿನ ಕೋಶದ ಕ್ಯಾಡ್ಹೆರಿನ್‌ನಲ್ಲಿರುವ ಕುಳಿಯೊಳಗೆ ಹೋಗಿ ಕೂರುತ್ತದೆ. ಅದರದ್ದು ಇದರೊಳಗೆ ಬಂದು ಕೂರುತ್ತದೆ. ಅಂಟುವುದೆಂದರೆ ಇದೇ. ಕ್ಯಾಲ್ಸಿಯಂ ತೆಗೆದುಬಿಟ್ಟರೆ ಸರಪಣಿ ಸಡಿಲವಾಗಿ ತೂಗಾಡುತ್ತದೆ, ಹಿಡಿತ ತಪ್ಪುತ್ತದೆ. ಜೊತೆಗೆ ಮುಚ್ಚಿಕೊಂಡಿದ್ದ ಜಾಗಗಳು ಟ್ರಿಪ್ಸಿನ್ ಕಿಣ್ವದ ಬಾಯಿಗೆ ಸಿಕ್ಕುತ್ತವೆ. ಈ ಕೊನೆಯ ಮಾತು ನಿಮ್ಮ ಪ್ರಯೋಗದ ಹಣೆಬರಹವನ್ನೇ ಬರೆಯುತ್ತದೆ, ಅದಕ್ಕೆ ಮತ್ತೆ ಬರುತ್ತೇನೆ. ಕೋಶದ ಒಳಗಿನ ಬಾಲಕ್ಕೆ ಬೀಟಾ-ಕ್ಯಾಟೆನಿನ್, ಅದಕ್ಕೆ ಆಲ್ಫಾ-ಕ್ಯಾಟೆನಿನ್, ಅದರ ಮೂಲಕ ಆ್ಯಕ್ಟಿನ್ ಎಳೆಗಳು. ಬಾಲ ಕತ್ತರಿಸಿದ ಕ್ಯಾಡ್ಹೆರಿನ್ ಕೋಶದ ಮೇಲ್ಮೈಗೆ ಬಂದು ನಿಂತರೂ ಕೋಶಗಳು ಒಟ್ಟುಗೂಡುವುದಿಲ್ಲ ಎಂದು ನಾಗಾಫುಚಿ ಮತ್ತು ತಾಕೇಯಿಚಿ 1988ರಲ್ಲೇ ತೋರಿಸಿದರು. ಹಾಗಾಗಿ ಹೊರಗಿನ ಹಿಡಿತ ಅರ್ಧ ಮಾತ್ರ, ಒಳಗಿನ ಆಧಾರ ಇನ್ನರ್ಧ.

ಈಗ ವಿಂಗಡಣೆಗೆ ಬರೋಣ. 1955ರಲ್ಲಿ ಟೌನ್ಸ್ ಮತ್ತು ಹೋಲ್ಟ್‌ಫ್ರೆಟರ್ ಉಭಯಚರಗಳ ಭ್ರೂಣದ ಅಂಗಾಂಶಗಳನ್ನು ಕ್ಷಾರೀಯ ದ್ರಾವಣದಲ್ಲಿ ಬಿಡಿ ಕೋಶಗಳಾಗಿ ಬಿಡಿಸಿ, ಬೆರೆಸಿ, ಮತ್ತೆ ಸಹಜ ದ್ರಾವಣಕ್ಕೆ ತಂದರು. ಮೊದಲು ಕಲಸುಮೇಲೋಗರವಾದ ಒಂದು ಉಂಡೆ ಆಯಿತು. ಆಮೇಲೆ ಅದರೊಳಗೇ ಕೋಶಗಳು ಸರಿದಾಡಿ, ಚರ್ಮವಾಗಬೇಕಾದ ಕೋಶಗಳು ಹೊರಗೆ, ನರಫಲಕದ ಕೋಶಗಳು ಒಳಗೆ ಎಂದು ಬೇರೆಯಾದವು. ಎರಡು ಸಂಗತಿಗಳನ್ನು ಇಲ್ಲಿ ಗಮನಿಸಿ. ಕೋಶಗಳು ಮೊದಲು ಬೆರೆತೇ ಅಂಟಿಕೊಂಡವು, ಅಂದರೆ ಪರಕೀಯ ಕೋಶವನ್ನು ಅವು ತಿರಸ್ಕರಿಸಲಿಲ್ಲ. ಮತ್ತು ಯಾವುದು ಒಳಗೆ, ಯಾವುದು ಹೊರಗೆ ಎಂಬುದು ಪ್ರತಿ ಸಲವೂ ಒಂದೇ ಆಗಿತ್ತು. ‘ತನ್ನವರನ್ನು ಗುರುತಿಸುವುದು’ ಎಂಬ ವಿವರಣೆ ಗುಂಪು ಕಟ್ಟುವುದನ್ನು ವಿವರಿಸಬಹುದು, ಆದರೆ ಒಂದು ಗುಂಪು ಯಾವಾಗಲೂ ಇನ್ನೊಂದರ ಹೊಟ್ಟೆಯೊಳಗೇ ಏಕೆ ಇರಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಉತ್ತರ ಕೊಟ್ಟವರು ಮಾಲ್ಕಂ ಸ್ಟೈನ್‌ಬರ್ಗ್. ಅವರ ವಾದದಲ್ಲಿ ಕೋಶಗಳ ಉಂಡೆ ಒಂದು ದ್ರವದ ಹನಿ ಇದ್ದಂತೆ: ಕೋಶಗಳು ಅತ್ತಿತ್ತ ಸರಿಯಬಲ್ಲವು, ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಮತ್ತು ಒಟ್ಟು ಬಂಧ ಅತಿ ಹೆಚ್ಚಾಗುವ ಜೋಡಣೆಯ ಕಡೆಗೆ ನಿಧಾನವಾಗಿ ಸಾಗುತ್ತವೆ. ಎಣ್ಣೆ ನೀರು ಬೇರೆಯಾಗಲು ಎಣ್ಣೆಯ ಅಣು ಇನ್ನೊಂದು ಎಣ್ಣೆಯ ಅಣುವನ್ನು ಗುರುತಿಸಬೇಕಾಗಿಲ್ಲವಲ್ಲ, ಹಾಗೆಯೇ.

ಲೆಕ್ಕ ಮಾಡಿ ನೋಡಿ. ಎ ಮತ್ತು ಬಿ ಎಂಬ ಎರಡು ಬಗೆಯ ಕೋಶಗಳಲ್ಲಿ ಇರುವುದು ಒಂದೇ ಪಿ-ಕ್ಯಾಡ್ಹೆರಿನ್. ಆದರೆ ಎ ಕೋಶದ ಮೇಲ್ಮೈಯಲ್ಲಿ 100 ಪಾಲು, ಬಿ ಮೇಲೆ 40 ಪಾಲು ಎಂದಿಟ್ಟುಕೊಳ್ಳಿ. ಎರಡು ಎ ಕೋಶಗಳು ತಾಗಿದಲ್ಲಿ ಬಂಧ 100. ಎರಡು ಬಿ ತಾಗಿದಲ್ಲಿ 40. ಎ ಮತ್ತು ಬಿ ತಾಗಿದಲ್ಲಿ, ಎ ಬಳಿ ಎಷ್ಟೇ ಇದ್ದರೂ ಎದುರಿಗೆ ಸಿಗುವುದು 40 ಮಾತ್ರ, ಹಾಗಾಗಿ ಬಂಧವೂ 40. ಈಗ ಒಂದು ಎ-ಎ ಸಂಪರ್ಕ ಮತ್ತು ಒಂದು ಬಿ-ಬಿ ಸಂಪರ್ಕ ಮುರಿದು ಎರಡು ಎ-ಬಿ ಸಂಪರ್ಕ ಮಾಡಿದರೆ, 140 ಇದ್ದದ್ದು 80ಕ್ಕೆ ಇಳಿಯುತ್ತದೆ. ಬೆರೆಯುವುದು ನಷ್ಟದ ವ್ಯವಹಾರ. ಹಾಗಾಗಿ ಎ ಕೋಶಗಳು ಒಟ್ಟುಗೂಡುತ್ತವೆ. ಅವು ಹೊರಮೈಗೆ ಬಂದರೆ ದ್ರವದ ಕಡೆಗಿನ ಮುಖದಲ್ಲಿ 100ರ ಬಂಧ ವ್ಯರ್ಥವಾಗುತ್ತದೆ. ಬಿ ಬಂದರೆ 40 ಮಾತ್ರ ವ್ಯರ್ಥ. ಹಾಗಾಗಿ ಹೊರಗೆ ಬಿ, ಒಳಗೆ ಎ. ಇಷ್ಟರಲ್ಲಿ ಎಲ್ಲೂ ‘ಬೇರೆ ಬಗೆಯ ಅಣು’ ಬರಲೇ ಇಲ್ಲ ಎನ್ನುವುದು ಮುಖ್ಯ.

ಇದನ್ನೇ ಸಾಮಾನ್ಯ ನಿಯಮವಾಗಿ ಹೀಗೆ ಹೇಳಬಹುದು. ಎ-ಬಿ ಬಂಧ, ಎ-ಎ ಮತ್ತು ಬಿ-ಬಿ ಬಂಧಗಳ ಸರಾಸರಿಗಿಂತ ಹೆಚ್ಚಿದ್ದರೆ ಕೋಶಗಳು ಬೆರೆತೇ ಇರುತ್ತವೆ. ಸರಾಸರಿಗಿಂತ ಕಡಿಮೆ ಇದ್ದು, ದುರ್ಬಲವಾದ ಬಿ-ಬಿ ಬಂಧಕ್ಕಿಂತ ಕಡಿಮೆಯಾಗದಿದ್ದರೆ ಬಿ ಪೂರ್ತಿಯಾಗಿ ಎ-ಯನ್ನು ಸುತ್ತಿಕೊಳ್ಳುತ್ತದೆ. ಬಿ-ಬಿ ಬಂಧಕ್ಕಿಂತಲೂ ಕೆಳಗಿಳಿದರೆ ಸುತ್ತುವುದು ಅರ್ಧಕ್ಕೆ ನಿಲ್ಲುತ್ತದೆ, ಎರಡು ಉಂಡೆಗಳು ಪಕ್ಕಪಕ್ಕ ಒತ್ತಿಕೊಂಡಂತೆ ಕಾಣುತ್ತವೆ. ಸೊನ್ನೆಯಾದರೆ ಮಾತ್ರ ಪೂರ್ತಿ ಬೇರೆ ಬೇರೆ ಉಂಡೆಗಳು. ಪುಸ್ತಕದ ‘ಇ ಇ-ಗೇ, ಎನ್ ಎನ್-ಗೇ’ ಎಂಬುದು ಅಕ್ಷರಶಃ ನಿಜವಾಗಿದ್ದರೆ ಈ ಕೊನೆಯ ಚಿತ್ರ ಕಾಣಬೇಕಿತ್ತು. ಆದರೆ ಶುದ್ಧೀಕರಿಸಿದ ಪ್ರೋಟೀನ್‌ಗಳ ನಡುವಿನ ಬಂಧವನ್ನು ಅಳೆದಾಗ ಎನ್-ಎನ್ ಗಟ್ಟಿ, ಇ-ಇ ದುರ್ಬಲ, ಇ-ಎನ್ ಎರಡರ ನಡುವೆ ಎಂದು ಕಂಡಿದೆ. ಶೂನ್ಯವಂತೂ ಅಲ್ಲ.

ಪ್ರಯೋಗದ ಸಾಕ್ಷಿ ಮೂರು ಹೆಜ್ಜೆಗಳಲ್ಲಿ ಬಂತು. 1988ರಲ್ಲಿ ನೋಸೆ, ನಾಗಾಫುಚಿ ಮತ್ತು ತಾಕೇಯಿಚಿ, ತನ್ನದೇ ಕ್ಯಾಡ್ಹೆರಿನ್ ಇಲ್ಲದ ಇಲಿಯ ಎಲ್ ಕೋಶಗಳಿಗೆ ಕೆಲವಕ್ಕೆ ಇ, ಕೆಲವಕ್ಕೆ ಪಿ ಜೀನ್ ಹಾಕಿ ಬೆರೆಸಿದಾಗ ಎರಡೂ ಬೇರ್ಪಟ್ಟವು. ಪುಸ್ತಕಗಳಿಗೆ ಹೋದದ್ದು ಇದೇ ಚಿತ್ರ. 1994ರಲ್ಲಿ ಸ್ಟೈನ್‌ಬರ್ಗ್ ಮತ್ತು ತಾಕೇಯಿಚಿ ಒಂದೇ ಪಿ-ಕ್ಯಾಡ್ಹೆರಿನ್ ಹೆಚ್ಚು-ಕಡಿಮೆ ಇರುವ ಎಲ್ ಕೋಶಗಳನ್ನು ಬೆರೆಸಿದರು: ಹೆಚ್ಚಿದ್ದವು ಒಳಗೆ, ಕಡಿಮೆ ಇದ್ದವು ಹೊರಗೆ, ಲೆಕ್ಕ ಹೇಳಿದಂತೆಯೇ. 2003ರಲ್ಲಿ ಡುಗೇ, ಫಾಟಿ ಮತ್ತು ಸ್ಟೈನ್‌ಬರ್ಗ್ ಮಾಡಿದ್ದು, ನನ್ನ ಲೆಕ್ಕದಲ್ಲಿ, ಇವೆಲ್ಲಕ್ಕಿಂತ ಚೊಕ್ಕ ಕೆಲಸ. ಅವರು ಇ ಮತ್ತು ಪಿ ಕೋಶಗಳ ಕ್ಯಾಡ್ಹೆರಿನ್ ಪ್ರಮಾಣವನ್ನು ಬೇಕೆಂದೇ ಬದಲಿಸುತ್ತಾ ಹೋದರು. ಇ ಕಡಿಮೆ ಇದ್ದಾಗ ಇ ಹೊರಗೆ ಬಂತು, ಪಿ ಕಡಿಮೆ ಇದ್ದಾಗ ಪಿ ಹೊರಗೆ ಬಂತು, ಎರಡನ್ನೂ ಸರಿಸಮ ಮಾಡಿದಾಗ ಕೋಶಗಳು ಬೇರ್ಪಡಲೇ ಇಲ್ಲ. ಅಂದರೆ ಇ-ಪಿ ಬಂಧ, ಇ-ಇ ಮತ್ತು ಪಿ-ಪಿಗಳಷ್ಟೇ ಗಟ್ಟಿ. ಆದರೆ ಇದನ್ನು ಎಲ್ಲ ಜೋಡಿಗಳಿಗೂ ಹಚ್ಚಬೇಡಿ. ಅದೇ ಕೆಲಸದಲ್ಲಿ ಆರ್-ಕ್ಯಾಡ್ಹೆರಿನ್ ಮತ್ತು ಬಿ-ಕ್ಯಾಡ್ಹೆರಿನ್ ಎಂಬ ಬೇರೆ ಎರಡು ಬಗೆಗಳ ಕೋಶಗಳು ಅರ್ಧಕ್ಕೆ ನಿಂತ ಸುತ್ತುವಿಕೆಯನ್ನು ತೋರಿದವು. ಅಲ್ಲಿ ಬಗೆಗೂ ಬೆಲೆಯಿದೆ.

ಇನ್ನು ನಿಮ್ಮ ಪ್ರಯೋಗ. ಒಂದೇ ಕ್ಯಾಡ್ಹೆರಿನ್, ಎರಡು ಪ್ರಮಾಣ ಎಂಬಷ್ಟಕ್ಕೇ ಇಟ್ಟುಕೊಳ್ಳಿ ಎನ್ನುವುದು ನನ್ನ ಸಲಹೆ. ಇ-ಕ್ಯಾಡ್ಹೆರಿನ್ ಹಾಕಿದ ಎಲ್ ಕೋಶಗಳ ಹಲವು ಕ್ಲೋನ್‌ಗಳಿಂದ, ಮೇಲ್ಮೈ ಪ್ರಮಾಣ ಚೆನ್ನಾಗಿ ದೂರವಿರುವ ಎರಡನ್ನು ಆರಿಸಿ. ಅಳತೆ ಫ್ಲೋ ಸೈಟೋಮೆಟ್ರಿಯಲ್ಲಿ, ಜೀವಂತ ಕೋಶಗಳಿಗೆ, ಪೊರೆಯಲ್ಲಿ ರಂಧ್ರ ಮಾಡದೆ, ಹೊರಭಾಗಕ್ಕೆ ಅಂಟುವ ಆ್ಯಂಟಿಬಾಡಿಯಿಂದ ಆಗಬೇಕು. ವೆಸ್ಟರ್ನ್ ಬ್ಲಾಟ್ ಇಡೀ ಕೋಶದ ಕ್ಯಾಡ್ಹೆರಿನ್ ತೋರಿಸುತ್ತದೆ. ಅದರಲ್ಲಿ ಎಷ್ಟು ಒಳಗಿನ ಚೀಲಗಳಲ್ಲಿ ಉಳಿದಿದೆ, ಎಷ್ಟು ಮೇಲ್ಮೈಗೆ ಬಂದಿದೆ ಎಂದು ಹೇಳುವುದಿಲ್ಲ. ಪ್ರತಿ ಕ್ಲೋನಿನ ಸರಾಸರಿಯನ್ನಷ್ಟೇ ಅಲ್ಲ, ಹರವನ್ನೂ ನೋಡಿ. ಒಂದು ಕ್ಲೋನಿನಲ್ಲಿ ಎರಡು ಶಿಖರಗಳು ಕಂಡರೆ ಕೆಲವು ಕೋಶಗಳು ಜೀನ್ ಮುಚ್ಚಿಕೊಂಡಿವೆ ಎಂದರ್ಥ, ಆ ಕ್ಲೋನ್ ತನ್ನೊಳಗೇ ವಿಂಗಡವಾಗಿಬಿಡುತ್ತದೆ. ಇದು ವಾರಗಳು ಕಳೆದಂತೆ ಹೆಚ್ಚುವ ತೊಂದರೆ. ಹಾಗಾಗಿ ಆಯ್ಕೆಯ ಔಷಧವನ್ನು ಬಿಡದೆ ಕೊಡುತ್ತಿರಿ, ಮತ್ತು ಅಳತೆಯನ್ನು ಕ್ಲೋನ್ ಬಂದ ದಿನವಲ್ಲ, ಉಂಡೆ ಕಟ್ಟುವ ದಿನವೇ ಮಾಡಿ.

ಎರಡಕ್ಕೂ ಬಣ್ಣ ಬೇಕು. ಒಂದಕ್ಕೆ ಹಸಿರು, ಇನ್ನೊಂದಕ್ಕೆ ಕೆಂಪು ಪ್ರತಿದೀಪ್ತ ಪ್ರೋಟೀನ್ ಶಾಶ್ವತವಾಗಿ ಹಾಕಿದ್ದರೆ ಒಳ್ಳೆಯದು. ಪೊರೆಗೆ ಹತ್ತುವ ಬಣ್ಣಗಳೂ ನಡೆಯುತ್ತವೆ, ಆದರೆ ಅವು ಒಂದು ಕೋಶದಿಂದ ಪಕ್ಕದ್ದಕ್ಕೆ ಜಾರಬಲ್ಲವು. ಯಾವುದನ್ನೇ ಬಳಸಿ, ಬಣ್ಣಗಳನ್ನು ಅದಲುಬದಲು ಮಾಡಿದ ಇನ್ನೊಂದು ಜೋಡಿ ಇರಲೇಬೇಕು. ಬಣ್ಣ ಬದಲಾದರೂ ಒಳಗೆ ಹೋಗುವ ಕ್ಲೋನ್ ಅದೇ ಆಗಿದ್ದರೆ ಮಾತ್ರ ನಂಬಿ.

ಕೋಶ ಬಿಡಿಸುವ ಹಂತದಲ್ಲಿ ಹೆಚ್ಚಿನವರು ಎಡವುತ್ತಾರೆ. ಕಲ್ಚರ್ ಕೋಣೆಯಲ್ಲಿ ಮಾಮೂಲಾಗಿ ಇರುವುದು ಟ್ರಿಪ್ಸಿನ್ ಜೊತೆ ಇಡಿಟಿಎ ಬೆರೆಸಿದ ಬಾಟಲಿ. ಇಡಿಟಿಎ ಕ್ಯಾಲ್ಸಿಯಂ ಕಸಿಯುತ್ತದೆ, ಸಡಿಲವಾದ ಕ್ಯಾಡ್ಹೆರಿನ್ ಅನ್ನು ಟ್ರಿಪ್ಸಿನ್ ಕತ್ತರಿಸಿ ಹಾಕುತ್ತದೆ. ನಿಮ್ಮ 100 ಮತ್ತು 40 ಎರಡೂ ಸೊನ್ನೆಯ ಹತ್ತಿರಕ್ಕೆ ಬರುತ್ತವೆ. ಕೋಶಗಳು ಹೊಸದಾಗಿ ತಯಾರಿಸಿಕೊಳ್ಳುವವರೆಗಿನ ಗಂಟೆಗಳಲ್ಲಿ ನೀವು ನೋಡುವುದು ಕ್ಯಾಡ್ಹೆರಿನ್‌ನ ಆಟವೇ ಅಲ್ಲ. ಬದಲಿಗೆ ತಾಕೇಯಿಚಿ 1970ರ ದಶಕದಲ್ಲಿ ರೂಪಿಸಿದ ದಾರಿ ಹಿಡಿಯಿರಿ: ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಇಲ್ಲದ, ಹೆಪೆಸ್ ಬಫರ್ ಇರುವ ಲವಣ ದ್ರಾವಣಕ್ಕೆ ಶೇ. 0.01 ಟ್ರಿಪ್ಸಿನ್ ಮತ್ತು 1ರಿಂದ 2 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷದ ಆಸುಪಾಸು ಇಡಿ. ಕ್ಯಾಲ್ಸಿಯಂ ಇರುವುದರಿಂದ ಕ್ಯಾಡ್ಹೆರಿನ್ ಉಳಿಯುತ್ತದೆ, ಉಳಿದ ಅಂಟುಗಳು ಹೋಗುತ್ತವೆ. ಕೋಶಗಳು ಈಗ ಡಿಶ್‌ನಿಂದ ಏಳುತ್ತವೆ, ಆದರೆ ಬಿಡಿಬಿಡಿಯಾಗಿ ಅಲ್ಲ, ಹಾಳೆ ಹಾಳೆಯಾಗಿ. ಇದನ್ನು ಕಂಡು ಗಾಬರಿಯಾಗಿ ಇನ್ನಷ್ಟು ಟ್ರಿಪ್ಸಿನ್ ಸುರಿಯಬೇಡಿ. ಸೋಯಾಬೀನ್ ಟ್ರಿಪ್ಸಿನ್ ಇನ್‌ಹಿಬಿಟರ್ ಹಾಕಿ ಕಿಣ್ವವನ್ನು ನಿಲ್ಲಿಸಿ, ಆಮೇಲೆ ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿ ಎರಡು ಸಲ ತೊಳೆದು, ಪಿಪೆಟ್‌ನಿಂದ ಮೆಲ್ಲಗೆ ಮೇಲೆ ಕೆಳಗೆ ಎಳೆದರೆ ಹಾಳೆಗಳು ಬಿಡಿ ಕೋಶಗಳಾಗುತ್ತವೆ. ಟ್ರಿಪ್ಸಿನ್ ಆಗಲೇ ನಿಂತಿರುವುದರಿಂದ ಈ ಹಂತದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೂ ಕ್ಯಾಡ್ಹೆರಿನ್‌ಗೆ ಅಪಾಯವಿಲ್ಲ. ಈ ಅನುಕ್ರಮ ತಿರುಗುಮುರುಗಾದರೆ ಇಡೀ ಪ್ರಯೋಗ ಹೋಯಿತು. ಸರಿಯಾಗಿ ಆಗಿದೆಯೇ ಎಂದು ತಿಳಿಯಲು, ಬಿಡಿಸಿದ ಕೋಶಗಳ ಒಂದು ಪಾಲನ್ನು ಅಲ್ಲೇ ಫ್ಲೋ ಸೈಟೋಮೆಟ್ರಿಗೆ ಕೊಡಿ. ಎರಡು ಕ್ಲೋನ್‌ಗಳ ಅನುಪಾತ ಆಗಲೂ ಮೊದಲಿನಂತೆಯೇ ಇರಬೇಕು.

ಬಿಡಿಸುವಾಗ ಸತ್ತ ಕೋಶಗಳ ಡಿಎನ್‌ಎ ಹೊರಬಂದು ಜಿಗುಟಾಗುತ್ತದೆ, ಅದಕ್ಕೆ ಸಿಕ್ಕಿದ್ದೆಲ್ಲ ಅಂಟುತ್ತದೆ. ದ್ರಾವಣ ಲೋಳೆಲೋಳೆಯಾಗಿ ಪಿಪೆಟ್‌ನ ತುದಿಯಲ್ಲಿ ದಾರದಂತೆ ಜೋತರೆ ಇದೇ ಕಾರಣ. ಸ್ವಲ್ಪ ಡಿಎನ್‌ಏಸ್ ಹಾಕಿದರೆ ಹೋಗುತ್ತದೆ. ಇದನ್ನು ಕ್ಯಾಡ್ಹೆರಿನ್ ಅಂಟೆಂದು ತಪ್ಪು ತಿಳಿಯದಿರಲು ಎರಡು ತಾಳೆ ನೋಡಿ: ಕ್ಯಾಡ್ಹೆರಿನ್ ಹಾಕದ ಮೂಲ ಎಲ್ ಕೋಶಗಳು, ಮತ್ತು ಕ್ಯಾಡ್ಹೆರಿನ್ ಇದ್ದೂ ಕ್ಯಾಲ್ಸಿಯಂ ತೆಗೆದ ಕೋಶಗಳು. ಎರಡೂ ಉಂಡೆ ಕಟ್ಟಬಾರದು. ತೂಗುಹನಿಯಲ್ಲಿ ಮೂಲ ಎಲ್ ಕೋಶಗಳೂ ತಳಕ್ಕೆ ಇಳಿದು ರಾಶಿಯಾಗಿ ಉಂಡೆಯಂತೆಯೇ ಕಾಣುತ್ತವೆ. ಅಗಲ ಬಾಯಿಯ ಪಿಪೆಟ್‌ನಲ್ಲಿ ಒಮ್ಮೆ ಎಳೆದರೆ ಚದುರುತ್ತವೆ, ಅಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಉಂಡೆ ಕಟ್ಟುವುದಕ್ಕೆ ತೂಗುಹನಿಯೇ ಸಾಕು. ಎರಡೂ ಕ್ಲೋನ್‌ಗಳನ್ನು ಎಣಿಸಿ ಸಮಸಮ ಬೆರೆಸಿ, ಸೀರಂ ಇರುವ ಸಾಮಾನ್ಯ ಮಾಧ್ಯಮದಲ್ಲಿ ಮಿಲಿಲೀಟರಿಗೆ 10 ಲಕ್ಷ ಕೋಶಗಳಂತೆ ಮಾಡಿಕೊಳ್ಳಿ. ಆ ಮಾಧ್ಯಮದಲ್ಲಿ ಸುಮಾರು 1.8 ಮಿಲಿಮೋಲಾರ್ ಕ್ಯಾಲ್ಸಿಯಂ ಇರುತ್ತದೆ, ಅದು ಧಾರಾಳ. ಡಿಶ್‌ನ ಮುಚ್ಚಳದ ಒಳಮೈಗೆ 10 ಮೈಕ್ರೋಲೀಟರ್ ಹನಿಗಳನ್ನು ಇಟ್ಟು ಮುಚ್ಚಳ ಮಗುಚಿ, ಹನಿ ಒಣಗದಂತೆ ಕೆಳಗಿನ ಡಿಶ್‌ಗೆ ಲವಣ ದ್ರಾವಣ ಹಾಕಿ. ಒಂದೊಂದು ಹನಿಯಲ್ಲಿ 10,000 ಕೋಶ. ಒಂದು ಕೋಶದ ಅಡ್ಡಳತೆ 13 ಮೈಕ್ರೋಮೀಟರ್ ಎಂದು ಹಿಡಿದರೆ ಉಂಡೆ ಸುಮಾರು 0.3 ಮಿಲಿಮೀಟರ್ ಆಗುತ್ತದೆ. ಕೋಶ ಹೆಚ್ಚು ಹಾಕಿದರೆ ಚಿತ್ರ ಚೆನ್ನಾಗಿ ಬರುತ್ತದೆ ಎಂದುಕೊಳ್ಳಬೇಡಿ. ದೊಡ್ಡ ಉಂಡೆಯ ನಡುವಿಗೆ ಆಮ್ಲಜನಕ ಸಾಲದೆ ಕೋಶಗಳು ಸಾಯುತ್ತವೆ, ಒಳಗೆ ಹೋದ ಕ್ಲೋನ್‌ಗೇ ಏಟು ಬೀಳುತ್ತದೆ.

ಮೊದಲ ದಿನ ಮುಗಿಯುವಾಗ ಹನಿಯ ತಳದಲ್ಲಿ ಚಪ್ಪಟೆ ಹಾಳೆ ಸಿಗುತ್ತದೆ, ಅದನ್ನು ಅಗರೋಸ್ ಬಳಿದ ಬಾವಿಗೆ ವರ್ಗಾಯಿಸಿ. ಬರಿಯ ಪ್ಲಾಸ್ಟಿಕ್ ಆದರೆ ಕೋಶಗಳು ತಳಕ್ಕೆ ಅಂಟಿ ಹರಡಿಕೊಳ್ಳುತ್ತವೆ, ಉಂಡೆ ಕರಗಿಹೋಗುತ್ತದೆ. ಮುಂದಿನ ಒಂದೆರಡು ದಿನ ಮೆಲ್ಲನೆ ತಿರುಗುವ ಶೇಕರ್ ಮೇಲೆ ಇಟ್ಟರೆ ಅದು ದುಂಡಗಾಗುತ್ತಾ ಒಳಗೆ ವಿಂಗಡಣೆ ನಡೆಯುತ್ತದೆ. ಶೇಕರ್ ವಿಷಯದಲ್ಲಿ ಮೇಲೆ ಹೇಳಿದ್ದು ನೆನಪಿರಲಿ. ಬಿಡಿ ಕೋಶಗಳನ್ನು ಮೊದಲಿಂದಲೇ ಜೋರಾಗಿ ಸುತ್ತಿಸಿದರೆ ದ್ರವದ ಸೆಳೆತ ದುರ್ಬಲ ಬಂಧಗಳನ್ನು ಹುಟ್ಟುವಾಗಲೇ ಕಿತ್ತುಹಾಕುತ್ತದೆ. ಆಗ ಎ ಕೋಶಗಳಷ್ಟೇ ಉಂಡೆಯಾಗಿ ಬಿ ಕೋಶಗಳು ಬಿಡಿಯಾಗಿ ಉಳಿಯಬಹುದು, ನೀವು ‘ಎ, ಬಿ-ಯನ್ನು ಗುರುತಿಸಲಿಲ್ಲ’ ಎಂದು ಬರೆದುಬಿಡಬಹುದು. ಡುಗೇ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ: ಸೆಳೆತ ಕಡಿಮೆ ಇದ್ದಾಗ ಅವರು ಪರೀಕ್ಷಿಸಿದ ಜೋಡಿಗಳು ಒಟ್ಟಿಗೆ ಉಂಡೆ ಕಟ್ಟಿದವು, ಸೆಳೆತ ಹೆಚ್ಚಿಸಿದಾಗ ಕೆಲವು ಜೋಡಿಗಳು ಒಟ್ಟಿಗೆ ಕೂಡಲಿಲ್ಲ.

ನೋಡುವುದರಲ್ಲೂ ಒಂದು ಬಲೆ ಇದೆ. ಕಾನ್‌ಫೋಕಲ್ ಸೂಕ್ಷ್ಮದರ್ಶಕ ದಟ್ಟ ಉಂಡೆಯೊಳಗೆ 100 ಮೈಕ್ರೋಮೀಟರ್ ದಾಟಿ ಸ್ಪಷ್ಟವಾಗಿ ನೋಡುವುದೇ ಕಷ್ಟ. 300 ಮೈಕ್ರೋಮೀಟರ್ ಉಂಡೆಯ ನಡುಭಾಗ ಅದಕ್ಕೆ ಸಿಗುವುದಿಲ್ಲ. ಹೊರಗಿನ ಬಣ್ಣ ಮಾತ್ರ ಕಂಡು ‘ಎ ಕೋಶಗಳು ಸತ್ತಿವೆ’ ಎಂದೋ ‘ಪೂರ್ತಿ ಸುತ್ತಿಕೊಂಡಿವೆ’ ಎಂದೋ ಹೇಳಲಾಗದು. ಉಂಡೆಯನ್ನು ಸ್ಥಿರೀಕರಿಸಿ, ಹೆಪ್ಪುಗಟ್ಟಿಸಿ ಕೊಯ್ದು, ನಟ್ಟನಡುವಿನ ತೆಳು ಪದರವನ್ನು ನೋಡಿ. ಅಂಚಿಗೆ ಹತ್ತಿರದ ಕೊಯ್ತ ಯಾವಾಗಲೂ ಬಿ ಕೋಶಗಳನ್ನೇ ಹೆಚ್ಚಾಗಿ ತೋರಿಸುತ್ತದೆ.

ಕಾಲವನ್ನೂ ಮರೆಯಬೇಡಿ. 12 ಗಂಟೆಗೆ ಸಿಗುವ ಚಿತ್ರ ಗಮ್ಯವಲ್ಲ, ದಾರಿಯ ನಡುವಿನದು. ಸಮಸಮ ಬೆರೆಸಿದಾಗ ಎ ಕೋಶಗಳ ಎಳೆಗಳು ಉಂಡೆಯ ತುಂಬ ಒಂದಕ್ಕೊಂದು ತಗುಲಿಕೊಂಡಿರುತ್ತವೆ, ಹಾಗಾಗಿ ಬೇಗ ಕುಗ್ಗಿ ನಡುವಿಗೆ ಬರುತ್ತವೆ. ಎ ಕೋಶಗಳು ಹತ್ತರಲ್ಲಿ ಒಂದಿದ್ದರೆ ಅಲ್ಲಲ್ಲಿ ದ್ವೀಪಗಳಾಗಿ ಉಳಿಯುತ್ತವೆ. ದ್ವೀಪಗಳು ಅಡ್ಡಾಡಿ ಎದುರಾದಾಗಷ್ಟೇ ಕೂಡಿಕೊಳ್ಳಬೇಕು, ಅದು ತೀರಾ ನಿಧಾನ. ಹಾಗಾಗಿ ಅನೇಕ ದ್ವೀಪಗಳು ಕಂಡರೆ ‘ಸಿದ್ಧಾಂತ ತಪ್ಪು’ ಎನ್ನುವ ಮೊದಲು ಅನುಪಾತ ನೋಡಿ, ಇನ್ನೊಂದು ದಿನ ಕಾಯಿರಿ. ಹೊರಗೆ ಬಿ ಕೋಶಗಳ ಪದರ ಸರಿಯಾಗಿ ಕವಿದಿದ್ದರೆ ವಿಂಗಡಣೆಯ ದಿಕ್ಕು ಅಷ್ಟರಿಂದಲೇ ಖಚಿತ. ಮತ್ತೊಂದು ಕಡೆ, ಎರಡು ಮೂರು ದಿನದಲ್ಲಿ ಬೇಗ ವಿಭಜಿಸುವ ಕ್ಲೋನ್ ಅನುಪಾತವನ್ನೇ ಕೆಡಿಸಬಹುದು. ಬೇರೆ ಬೇರೆಯಾಗಿ ಬೆಳೆಸಿ ಎರಡರ ದ್ವಿಗುಣ ಕಾಲವನ್ನು ಮೊದಲೇ ತಿಳಿದುಕೊಂಡಿರಿ.

ಮುಂದೆ ಇ ಮತ್ತು ಎನ್ ಹೋಲಿಸುವ ಆಸೆಯಾದರೆ ಒಂದು ಎಚ್ಚರಿಕೆ. ಎರಡಕ್ಕೂ ಬೇರೆ ಬೇರೆ ಆ್ಯಂಟಿಬಾಡಿ, ಅವುಗಳ ಹಿಡಿತವೂ ಬೇರೆ. ಹಾಗಾಗಿ ಫ್ಲೋ ಸೈಟೋಮೆಟ್ರಿಯಲ್ಲಿ ಬೆಳಕು ಸಮವಾಗಿದ್ದರೆ ಪ್ರಮಾಣ ಸಮ ಎಂದರ್ಥವಲ್ಲ. ಎರಡಕ್ಕೂ ಒಂದೇ ಗುರುತಿನ ತುಣುಕು ಜೋಡಿಸಿ ಅಳೆಯುವುದೇ ದಾರಿ, ಆದರೆ ಅದನ್ನು ಹೊರತುದಿಗೆ ಜೋಡಿಸಿದರೆ ಕೆಟ್ಟಿರಿ. ಕ್ಯಾಡ್ಹೆರಿನ್ ಪಕ್ವವಾಗುವಾಗ ಅದರ ಮುಂಭಾಗ ಕತ್ತರಿಸಿಹೋಗಿ ಟ್ರಿಪ್ಟೋಫಾನ್ ಎರಡನೇ ಸ್ಥಾನಕ್ಕೆ ಬರಬೇಕು. ಅಲ್ಲಿ ಹೆಚ್ಚುವರಿ ಅಮೈನೋ ಆಮ್ಲಗಳು ಉಳಿದರೆ ಅದು ಎದುರಿನ ಕುಳಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಒಳಗಿನ ಬಾಲದ ಕೊನೆಗೆ ಜೋಡಿಸಿ, ಮೇಲ್ಮೈಯಲ್ಲಿರುವ ಪಾಲನ್ನು ಬಯೋಟಿನ್ ಹಚ್ಚಿ ಬೇರೆ ತೆಗೆದು ಅಳೆಯಿರಿ.

ಇಲ್ಲಿಯವರೆಗೆ ಹೇಳಿದ್ದು ಎಲ್ ಕೋಶಗಳ ಜಗತ್ತು. ಕ್ಯಾಡ್ಹೆರಿನ್ ಒಂದನ್ನು ಬಿಟ್ಟು ಉಳಿದುದೆಲ್ಲ ಅಲ್ಲಿ ಸಮ. ಫಾಟಿ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಇಂಥ ಉಂಡೆಗಳನ್ನು ಎರಡು ಸಮಾನಾಂತರ ತಟ್ಟೆಗಳ ನಡುವೆ ಒತ್ತಿ ಮೇಲ್ಮೈ ಎಳೆತ ಅಳೆದಾಗ, ಅದು ಕ್ಯಾಡ್ಹೆರಿನ್ ಸಂಖ್ಯೆಗೆ ನೇರ ಅನುಪಾತದಲ್ಲಿ ಏರಿತು. ಕೋಳಿ ಭ್ರೂಣದ ನಿಜವಾದ ಅಂಗಾಂಶಗಳಿಗೆ 1996ರಲ್ಲೇ ಇದೇ ಅಳತೆ ಆಗಿತ್ತು: ಕಾಲುಮೊಗ್ಗಿನ ಮೀಸೋಡರ್ಮ್‌ಗೆ ಸೆಂಟಿಮೀಟರಿಗೆ ಸುಮಾರು 20 ಡೈನ್, ಹೃದಯಕ್ಕೆ 8.5, ಯಕೃತ್ತಿಗೆ 4.6, ನರ ರೆಟಿನಾಕ್ಕೆ 1.6. ಈ ಪಟ್ಟಿಯಲ್ಲಿ ಯಾವ ಎರಡನ್ನು ಬೆರೆಸಿದರೂ ಹೆಚ್ಚು ಎಳೆತದ್ದು ಒಳಗೆ ಹೋಗುತ್ತದೆ.

ಆದರೆ ಮೇಲ್ಮೈ ಎಳೆತ ಹುಟ್ಟುವುದು ಅಂಟಿನಿಂದ ಮಾತ್ರ ಅಲ್ಲ. ಪ್ರತಿ ಕೋಶದ ಪೊರೆಯ ಕೆಳಗೆ ಆ್ಯಕ್ಟಿನ್ ಮತ್ತು ಮಯೋಸಿನ್‌ನ ಬಿಗಿಯಾದ ಪದರವಿದೆ, ಕಾರ್ಟೆಕ್ಸ್. ಅದು ಕೋಶವನ್ನು ಗುಂಡಗೆ ಎಳೆಯುತ್ತದೆ. ಎರಡು ಕೋಶಗಳು ತಾಗಿದಾಗ ಅವುಗಳ ಹೊರಮೈಗಳ ನಡುವೆ ಒಂದು ಸೀಳುಕೋನ ಕಾಣುತ್ತದೆ. ಸಂಪರ್ಕದ ಅಂಚಿನಲ್ಲಿ ಬಲಗಳ ಸಮತೋಲನ ಹೀಗಿರುತ್ತದೆ: ಸಂಪರ್ಕದ ಎಳೆತ = 2 × ಹೊರಮೈಯ ಎಳೆತ × ಅರ್ಧ ಸೀಳುಕೋನದ ಕೊಸೈನ್. ಸೀಳುಕೋನ ಸೊನ್ನೆಗೆ ಹತ್ತಿರವಿದ್ದರೆ ಎರಡು ಗುಂಡುಗಳು ಸುಮ್ಮನೆ ಮುಟ್ಟಿವೆ, ಸಂಪರ್ಕದಲ್ಲಿ ಏನೂ ಇಳಿದಿಲ್ಲ. 120 ಡಿಗ್ರಿ ಇದ್ದರೆ ಅರ್ಧ 60, ಕೊಸೈನ್ 0.5, ಸಂಪರ್ಕದ ಒಟ್ಟು ಎಳೆತ ಒಂದು ಹೊರಮೈಯಷ್ಟೇ. ಅಂದರೆ ಇರಬೇಕಾದದ್ದರ ಅರ್ಧಕ್ಕೆ ಇಳಿದಿದೆ. ಸೀಬ್ರಾಫಿಶ್ ಭ್ರೂಣದ ಕೋಶಗಳಲ್ಲಿ ಮೈತ್ರ್ ಮತ್ತು ಸಂಗಡಿಗರು 2012ರಲ್ಲಿ ಕಂಡಂತೆ, ಈ ಇಳಿಕೆಯ ಬಹುಪಾಲು ಬರುವುದು ಸಂಪರ್ಕದ ಜಾಗದಲ್ಲಿ ಕಾರ್ಟೆಕ್ಸ್ ಸಡಿಲವಾಗುವುದರಿಂದ. ಅಣುಗಳು ಒಂದನ್ನೊಂದು ಹಿಡಿಯುವ ಶಕ್ತಿಯ ನೇರ ಪಾಲು ಚಿಕ್ಕದು. ಕ್ಯಾಡ್ಹೆರಿನ್‌ನ ಮುಖ್ಯ ಕೆಲಸ ಎರಡು ಕಾರ್ಟೆಕ್ಸ್‌ಗಳನ್ನು ಗಟ್ಟಿಯಾಗಿ ಜೋಡಿಸಿ, ಎಳೆದಾಗ ಬಿಡದಂತೆ ನೋಡಿಕೊಳ್ಳುವುದು.

ಅದರ ಪರಿಣಾಮ ಏನೆಂದರೆ, ಅಂಟು ಕಡಿಮೆ ಇದ್ದ ಕೋಶವೂ ಒಳಗೆ ಹೋಗಬಹುದು. ಕ್ರೀಗ್ ಮತ್ತು ಸಂಗಡಿಗರು 2008ರಲ್ಲಿ ಸೀಬ್ರಾಫಿಶ್‌ನ ಎಕ್ಟೋಡರ್ಮ್ ಕೋಶಗಳ ಅಂಟು ಮೀಸೆಂಡೋಡರ್ಮ್‌ನದ್ದಕ್ಕಿಂತ ಕಡಿಮೆ ಎಂದು ಅಳೆದರು. ಆದರೂ ಬೆರೆಸಿದಾಗ ಒಳಗೆ ಹೋದದ್ದು ಎಕ್ಟೋಡರ್ಮ್, ಏಕೆಂದರೆ ಅದರ ಕಾರ್ಟೆಕ್ಸ್ ಹೆಚ್ಚು ಬಿಗಿ. ಇನ್ನೂ ಸ್ವಾರಸ್ಯವೆಂದರೆ ಜೀವಂತ ಭ್ರೂಣದಲ್ಲಿ ಎಕ್ಟೋಡರ್ಮ್ ಇರುವುದು ಹೊರಗೆ. ಡಿಶ್‌ನ ಅನುಕ್ರಮ ಮತ್ತು ಭ್ರೂಣದ ಅನುಕ್ರಮ ಒಂದೇ ಆಗಬೇಕೆಂದಿಲ್ಲ. ಭ್ರೂಣದಲ್ಲಿ ಸುತ್ತಲಿನ ದ್ರವ, ಇತರ ಪದರಗಳು, ಕೋಶಗಳ ಸ್ವಂತ ಚಲನೆ ಎಲ್ಲವೂ ಸೇರಿಕೊಳ್ಳುತ್ತವೆ.

ಹಾಗಾದರೆ ಪ್ರಮಾಣದ ಲೆಕ್ಕ ಜೀವಂತ ಪ್ರಾಣಿಯಲ್ಲಿ ಎಲ್ಲಾದರೂ ನಡೆಯುತ್ತದೆಯೇ? ನಡೆಯುತ್ತದೆ, ಹಣ್ಣುನೊಣದ ಅಂಡಾಶಯದಲ್ಲಿ. ಮೊಟ್ಟೆಯಾಗಲಿರುವ ಕೋಶ ಗೂಡಿನ ಹಿಂತುದಿಗೇ ಬಂದು ಕೂರುತ್ತದೆ. 1998ರಲ್ಲಿ ಎರಡು ತಂಡಗಳು, ಗಾಡ್ಟ್ ಮತ್ತು ಟೆಪಾಸ್ ಹಾಗೂ ಗೊನ್ಸಾಲೆಸ್-ರೇಯೆಸ್ ಮತ್ತು ಸೇಂಟ್ ಜಾನ್ಸ್ಟನ್, ಇದಕ್ಕೆ ಕಾರಣ ಡಿಇ-ಕ್ಯಾಡ್ಹೆರಿನ್ ಎಂದು ತೋರಿಸಿದವು. ಅಂಡಕೋಶದಲ್ಲೂ ಹಿಂತುದಿಯ ಫಾಲಿಕಲ್ ಕೋಶಗಳಲ್ಲೂ ಅದು ಉಳಿದವಕ್ಕಿಂತ ಹೆಚ್ಚು. ಎರಡರಲ್ಲಿ ಒಂದು ಕಡೆ ತೆಗೆದರೂ ಅಂಡಕೋಶ ದಾರಿ ತಪ್ಪಿ ಎಲ್ಲೆಲ್ಲೋ ನಿಲ್ಲುತ್ತದೆ. ಒಂದೇ ಕ್ಯಾಡ್ಹೆರಿನ್, ಪ್ರಮಾಣದ ವ್ಯತ್ಯಾಸ, ಅಷ್ಟೇ.

ನಿಮ್ಮ ಪುಸ್ತಕದ ಮುಖ್ಯ ಉದಾಹರಣೆ ನರನಾಳ ಎಂದುಕೊಂಡಿದ್ದೇನೆ: ನರಫಲಕ ಮಡಚಿಕೊಳ್ಳುವಾಗ ಇ ಇಳಿದು ಎನ್ ಏರುತ್ತದೆ, ಹೊರಚರ್ಮದಲ್ಲಿ ಇ ಉಳಿಯುತ್ತದೆ, ಎರಡೂ ಬೇರ್ಪಡುತ್ತವೆ. ಹೊಂದಾಣಿಕೆ ನಿಜ. ಕಪ್ಪೆಯ ಭ್ರೂಣದಲ್ಲಿ ಹೊರಚರ್ಮಕ್ಕೂ ಎನ್ ಹಾಕಿದಾಗ ಬೇರ್ಪಡುವಿಕೆ ಕೆಡುತ್ತದೆ ಎನ್ನುವುದೂ ನಿಜ. ಆದರೆ ಎನ್-ಕ್ಯಾಡ್ಹೆರಿನ್ ಇಲ್ಲದ ಇಲಿಯ ಭ್ರೂಣ, ಹೃದಯದ ದೋಷದಿಂದ ಹತ್ತನೇ ದಿನದ ಹೊತ್ತಿಗೆ ಸತ್ತರೂ, ಅಷ್ಟರಲ್ಲಿ ನರನಾಳವನ್ನು ರೂಪಿಸಿಕೊಂಡಿರುತ್ತದೆ, ಸ್ವಲ್ಪ ಡೊಂಕಾಗಿ. ಬೇರ್ಪಡುವ ಕೆಲಸ ಎನ್ ಒಂದರದ್ದೇ ಆಗಿದ್ದರೆ ಹೀಗಾಗುತ್ತಿರಲಿಲ್ಲ.

ನಿಮ್ಮ ಪ್ರಾಜೆಕ್ಟಿಗೆ ಇದರಿಂದ ಹೊರಡುವುದು ಒಂದು ಹೆಚ್ಚುವರಿ ಪರೀಕ್ಷೆ. ಕ್ಯಾಡ್ಹೆರಿನ್ ಹೆಚ್ಚಿರುವ ಕ್ಲೋನ್‌ನಲ್ಲಿ ಮಯೋಸಿನ್ ಚಟುವಟಿಕೆಯೂ ಬದಲಾಗಿರಬಹುದು. ಆಗ ಒಳಗೆ ಹೋದದ್ದು ಅಂಟಿನಿಂದಲೋ ಬಿಗಿತದಿಂದಲೋ ಗೊತ್ತಾಗದು. ಕೆಲವು ಹನಿಗಳಿಗೆ ಮಯೋಸಿನ್ ತಡೆಯುವ ಬ್ಲೆಬಿಸ್ಟಾಟಿನ್ ಹಾಕಿ. 10ರಿಂದ 50 ಮೈಕ್ರೋಮೋಲಾರ್ ನಡುವೆ, ಕೋಶಗಳು ಸಾಯದ ಮಟ್ಟವನ್ನು ಮೊದಲು ಹುಡುಕಿಕೊಳ್ಳಿ, ಮತ್ತು ಅದನ್ನು ಕರಗಿಸಿದ ದ್ರಾವಕವನ್ನು ಮಾತ್ರ ಹಾಕಿದ ಹನಿಗಳನ್ನೂ ಜೊತೆಗಿಡಿ. ನೀಲಿ ಬೆಳಕು ಬಿದ್ದರೆ ಈ ರಾಸಾಯನಿಕ ಕೆಡುತ್ತದೆ, ಕೋಶಕ್ಕೂ ವಿಷವಾಗುತ್ತದೆ, ಹಾಗಾಗಿ ಹಸಿರು ಪ್ರೋಟೀನ್ ನೋಡಲು ಜೀವಂತ ಉಂಡೆಗೆ ಮತ್ತೆ ಮತ್ತೆ ನೀಲಿ ಲೇಸರ್ ಹಾಯಿಸಬೇಡಿ. ಕೊನೆಯಲ್ಲಿ ಸ್ಥಿರೀಕರಿಸಿಯೇ ನೋಡಿ. ಮಯೋಸಿನ್ ತಡೆದಾಗ ವಿಂಗಡಣೆ ನಿಧಾನವಾದರೆ ಅದು ಕೋಶಗಳ ಚಲನೆ ಕುಗ್ಗಿದ್ದರಿಂದಲೂ ಇರಬಹುದು, ಅದರಿಂದ ತೀರ್ಮಾನಕ್ಕೆ ಬರಲಾಗದು. ಎ ಮತ್ತು ಬಿ ಒಳಹೊರಗು ಅದಲುಬದಲಾದರೆ ಮಾತ್ರ ಸ್ಥಾನವನ್ನು ತೀರ್ಮಾನಿಸುತ್ತಿದ್ದುದು ಕಾರ್ಟೆಕ್ಸ್ ಎಂದು ಬರೆಯಬಹುದು.